«ತಲುಪಿದೆ» ಅಂತ ಬರೆದಿದ್ದೆ, ತಲುಪಿರಲಿಲ್ಲ

1/8

ಫ್ರೆಂಡ್ಸ್, ಫೋಟೋದಲ್ಲಿ ಕಾಣ್ತಿರೋದು ನಾನು ಬರೆದ ಒಂದು ಮೇಲ್‌ನ ಪ್ರಿಂಟ್. ಗ್ರಾಹಕರ ಹೆಸರು, ನಂಬರ್ ಎಲ್ಲ ಮುಚ್ಚಿದ್ದೀನಿ. ಕೆಂಪು ಪೆನ್ನಲ್ಲಿ ಒಂದೇ ಒಂದು ಪದಕ್ಕೆ ಸುತ್ತು ಹಾಕಿದಾರೆ ನೋಡಿ, «ತಲುಪಿದೆ». ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಆ ಒಂದು ಪದದ ಕಥೆ ಇದು. ಒಂದು ಕ್ಯಾಪ್ಷನ್‌ಗೆ ಹಿಡಿಸಲ್ಲ, ಎಂಟು ಪೋಸ್ಟಲ್ಲಿ ಹೇಳ್ತೀನಿ.

ರಜೆಯಲ್ಲಿ ದಾವಣಗೆರೆಯಲ್ಲೇ ಒಂದು ಸಣ್ಣ ಆನ್‌ಲೈನ್ ಸೀರೆ ಕಂಪನಿಯಲ್ಲಿ ಕೆಲಸಕ್ಕೆ ಹೋಗ್ತಿದ್ದೆ. ಒಟ್ಟು ಒಂಬತ್ತು ಜನ. ಹೆಸರು ಬೇಡ. ನನ್ನ ಕೆಲಸ ಎರಡು: ಬೆಳಿಗ್ಗೆ ಗ್ರಾಹಕರ ಮೇಲ್‌ಗಳಿಗೆ ಉತ್ತರ ಬರೆಯೋದು, ಮಧ್ಯಾಹ್ನ ಅಕೌಂಟ್ಸ್ ನೋಡ್ಕೊಳ್ಳೋ ಅಕ್ಕನಿಗೆ ಸಹಾಯ ಮಾಡೋದು. ಬಿಕಾಂ ಓದ್ತಿದ್ದೀನಿ ಅಂತ ಗೊತ್ತಾದ ದಿನವೇ ರೀಫಂಡ್ ಪಟ್ಟಿ ನನ್ನ ಕೈಗೆ ಕೊಟ್ಟಿದ್ರು.

ಜೂನ್ 9, ಸೋಮವಾರ ಬೆಳಿಗ್ಗೆ 10:40ಕ್ಕೆ ಒಂದು ಮೇಲ್ ಬಂತು. ಸಾರಾಂಶ ಇಷ್ಟು: «ಸೀರೆ ವಾಪಸ್ ಕಳಿಸಿ ಮೂರು ವಾರ ಆಯ್ತು. ದುಡ್ಡು ಬಂದಿಲ್ಲ. ಎರಡು ಸಲ ಬರೆದೆ, ನಿಮ್ಮ ದೂರು ಮುಗಿದಿದೆ ಅಂತ ಮಷೀನ್ ಉತ್ತರ ಬಂತು. ನಾಳೆ ಬೆಳಿಗ್ಗೆ 10ರೊಳಗೆ ₹4,250 ಮತ್ತು ನಾನು ಪಟ್ಟ ಹಿಂಸೆಗೆ ₹10,000 ಕೊಡದಿದ್ರೆ ರೀಲ್ ಮಾಡಿ ಹಾಕ್ತೀನಿ. ನೀವೆಂಥ ಕಳ್ಳರು ಅಂತ ಎಲ್ಲರಿಗೂ ಗೊತ್ತಾಗಲಿ.»

ಕಳ್ಳರು ಅನ್ನೋ ಪದ ಓದಿದ ಕೂಡಲೇ ನನ್ನ ಕಿವಿ ಬಿಸಿ ಆಯ್ತು. ಯಾಕಂದ್ರೆ ಆ ರೀಫಂಡ್ ಹಾಕಿದ್ದೇ ನಾನು.

2/8

ಆಫೀಸಲ್ಲಿ ಮೊದಲು ಏನು ಮಾಡಿದ್ವಿ ಗೊತ್ತಾ? ಅವರ ಪ್ರೊಫೈಲ್ ಹುಡುಕಿದ್ವಿ. ಒಂಬೈನೂರು ಚಿಲ್ಲರೆ ಫಾಲೋವರ್ಸ್. ಪ್ಯಾಕಿಂಗ್ ಹುಡುಗ «ಇಷ್ಟೇನಾ!» ಅಂತ ನಕ್ಕ. ನನಗೂ ಸ್ವಲ್ಪ ಧೈರ್ಯ ಬಂತು. ಈಗ ಯೋಚನೆ ಮಾಡಿದ್ರೆ ಇದೇ ಮೊದಲ ತಪ್ಪು. ದುಡ್ಡು ಹೋಗಿದೆಯೋ ಇಲ್ವೋ ಅಂತ ನೋಡೋ ಮೊದಲೇ, ಇವರಿಗೆ ಎಷ್ಟು ಹೆದರಬೇಕು ಅಂತ ಲೆಕ್ಕ ಹಾಕಿದ್ವಿ.

ಆಮೇಲೆ ಸಿಸ್ಟಂ ತೆಗೆದು ನೋಡಿದೆ. ಮೇ 14ಕ್ಕೆ ಸೀರೆ ಡೆಲಿವರಿ, ಮನೆ ಬಾಗಿಲಲ್ಲೇ ನಗದು ಕೊಟ್ಟಿದಾರೆ. ಮೇ 15ಕ್ಕೆ ಸೆರಗಿನ ಹತ್ರ ಎಳೆ ಹರಿದಿದೆ ಅಂತ ಫೋಟೋ ಸಮೇತ ದೂರು. ಅವರ ಊರಿಗೆ ನಮ್ಮ ಕೊರಿಯರ್ ಪಿಕಪ್ ಇಲ್ಲದ್ದರಿಂದ ಮೇ 17ಕ್ಕೆ ಅವರೇ ₹140 ಕೊಟ್ಟು ಸ್ಪೀಡ್ ಪೋಸ್ಟಲ್ಲಿ ಕಳಿಸಿದಾರೆ. ಮೇ 20ಕ್ಕೆ ನಮಗೆ ಸಿಕ್ಕಿದೆ. ಮೇ 22ಕ್ಕೆ ರೀಫಂಡ್. ಸ್ಥಿತಿ: ಮುಗಿದಿದೆ. ಪಕ್ಕದಲ್ಲಿ ಬ್ಯಾಂಕಿನ ಯುಟಿಆರ್ ನಂಬರ್ ಕೂಡ ಇದೆ.

ಅಷ್ಟು ಸಾಕಾಯ್ತು ನನಗೆ. ಹತ್ತೇ ನಿಮಿಷದಲ್ಲಿ ಬರೆದೆ:

«ಪ್ರಿಯ ಗ್ರಾಹಕರೇ, ನಮ್ಮ ದಾಖಲೆಗಳ ಪ್ರಕಾರ ಮೇ 22ರಂದೇ ₹4,250 ನಿಮ್ಮ ಖಾತೆಗೆ ತಲುಪಿದೆ. ದಯವಿಟ್ಟು ನಿಮ್ಮ ಬ್ಯಾಂಕಿನಲ್ಲಿ ಸರಿಯಾಗಿ ಪರಿಶೀಲಿಸಿ. ಸುಳ್ಳು ಮಾಹಿತಿ ಹರಡಿದಲ್ಲಿ ಕಾನೂನು ಕ್ರಮ ಜರುಗಿಸಲಾಗುವುದು.»

ಓದಿ ನೋಡಿ. ಬೈಗುಳ ಇಲ್ಲ, ತಾರೀಖು ಇದೆ, ಮೊತ್ತ ಇದೆ. ಶಾಂತವಾಗೇ ಇದೆ ಅಂತ ನನಗೂ ಅನ್ನಿಸಿತ್ತು. ಇಂಥ ಉತ್ತರ ಕಳಿಸೋ ಮೊದಲು ಅಕ್ಕನಿಗೆ ತೋರಿಸಬೇಕು ಅಂತ ನಮ್ಮಲ್ಲಿ ನಿಯಮ. ಅದಕ್ಕೆ ಮಾತ್ರ ಪ್ರಿಂಟ್ ತಗೊಂಡೆ.

3/8

ಅಕ್ಕ ಓದಿದ್ರು. ಬೈಲಿಲ್ಲ. ಪೆನ್ ತಗೊಂಡು «ತಲುಪಿದೆ» ಅನ್ನೋದಕ್ಕೆ ಸುತ್ತು ಹಾಕಿದ್ರು.

«ಇದು ನಿಂಗೆ ಹೆಂಗೆ ಗೊತ್ತು ತಮ್ಮಾ?»

«ಯುಟಿಆರ್ ಇದೆಯಲ್ಲ ಅಕ್ಕ.»

«ಯುಟಿಆರ್ ಅಂದ್ರೆ ದುಡ್ಡು ನಮ್ಮ ಬ್ಯಾಂಕಿಂದ ಹೊರಟಿದ್ದಕ್ಕೆ ನಂಬರು. ಬಸ್ ಟಿಕೆಟ್ ತಗೊಂಡ ಮಾತ್ರಕ್ಕೆ ಊರು ಮುಟ್ಟಿದಂಗಾ?»

ನಾನು ಸುಮ್ಮನಾದೆ.

ಆಮೇಲೆ ಕೊನೆಯ ಸಾಲನ್ನ ಪೂರ್ತಿ ಹೊಡೆದು ಹಾಕಿದ್ರು. «ದುಡ್ಡು ಬಂದಿಲ್ಲ ಅಂತ ಅವರು ಹೇಳ್ತಿರೋದು ನಿಜ ಆಗಿದ್ರೆ, ಅದನ್ನ ನಾಲ್ಕು ಜನಕ್ಕೆ ಹೇಳೋದು ಅವರ ಹಕ್ಕು. ಅದಕ್ಕೆ ಕೇಸ್ ಹಾಕ್ತೀವಿ ಅಂತ ಹೆದರಿಸೋಕೆ ನಾವ್ಯಾರು? ಅದೂ ಇನ್ನೂ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡದೆ?»

ಆಮೇಲೆ ಒಂದು ಖಾಲಿ ಹಾಳೆ ತಗೊಂಡು ಮೂರು ಗೆರೆ ಎಳೆದು ನಾಲ್ಕು ಭಾಗ ಮಾಡಿದ್ರು. ಎರಡನೇ ಫೋಟೋದಲ್ಲಿ ಇದೆ. ಬೆದರಿಕೆ ಮೇಲ್ ಬಂದಾಗ ಗ್ರಾಹಕರಿಗೆ ಬರೆಯೋ ಮೊದಲು ಆಫೀಸಿನ ಒಳಗೆ ಇದನ್ನ ಬರೀಬೇಕಂತೆ.

ಮೊದಲನೇ ಭಾಗ, ಅವರು ಹೇಳ್ತಿರೋದು ಏನು. ಕಳ್ಳರು ಅನ್ನೋದನ್ನೂ ರೀಲ್ ಮಾತನ್ನೂ ಬಿಟ್ಟು ಓದಿದ್ರೆ ನಾಲ್ಕೇ ವಿಷಯ ಉಳೀತು: ದುಡ್ಡು ಬಂದಿಲ್ಲ, ಎರಡು ಮೇಲ್‌ಗೆ ಮನುಷ್ಯರು ಉತ್ತರ ಕೊಟ್ಟಿಲ್ಲ, ₹4,250 ಬೇಕು, ₹10,000 ಬೇಕು.

ಎರಡನೇದು, ನಮ್ಮ ಹತ್ರ ಕಾಗದ ಇರೋದು ಯಾವುದಕ್ಕೆ. ಸೀರೆ ವಾಪಸ್ ಬಂದಿದ್ದು, ಮೇ 22ಕ್ಕೆ ಹಣ ಹೊರಟಿದ್ದು. ಅಷ್ಟೇ.

ಮೂರನೇದು, ನಮಗೆ ಗೊತ್ತಿಲ್ಲದ್ದು ಯಾವುದು. ಹಣ ಅವರ ಖಾತೆ ಮುಟ್ಟಿತಾ? ಜೂನ್ 1 ಮತ್ತು 5ರ ಮೇಲ್‌ಗಳನ್ನ ಯಾರಾದ್ರೂ ಓದಿದ್ರಾ?

ನಾಲ್ಕನೇದು, ಯಾರು, ಎಷ್ಟು ಗಂಟೆಯೊಳಗೆ ನೋಡ್ತಾರೆ. ಅಲ್ಲಿ ನನ್ನ ಹೆಸರು ಬರೆದು, ಮುಂದೆ «ಸಂಜೆ 4» ಅಂತ ಬರೆದ್ರು.

4/8

«ಸಂಜೆ ತನಕ ಅವರಿಗೆ ಏನೂ ಹೇಳೋದು ಬೇಡ್ವಾ ಅಕ್ಕ?» ಅಂದೆ. ಹೇಳಲೇಬೇಕು ಅಂದ್ರು. 11:25ಕ್ಕೆ ಹೋದ ಮೊದಲ ಉತ್ತರ ಇದು:

«ನಮಸ್ಕಾರ. ನಿಮ್ಮ ಇವತ್ತಿನ ಮೇಲ್ ಓದಿದೆವು. ₹4,250 ನಿಮಗೆ ಬಂದಿಲ್ಲ, ಜೂನ್ 1 ಮತ್ತು 5ರಂದು ಬರೆದಾಗಲೂ ಸರಿಯಾದ ಉತ್ತರ ಸಿಗಲಿಲ್ಲ ಎಂದು ತಿಳಿಸಿದ್ದೀರಿ. ಮೇ 22ರಂದು ನಮ್ಮ ಬ್ಯಾಂಕಿನಿಂದ ಹಣ ಕಳಿಸಿದ್ದೇವೆ. ಅದು ನಿಮ್ಮ ಖಾತೆಗೆ ಸೇರಿದೆಯೇ ಎಂದು ಈಗ ನೋಡುತ್ತಿದ್ದೇವೆ. ಇವತ್ತು ಸಂಜೆ 4 ಗಂಟೆಯೊಳಗೆ, ನಮಗೆ ಗೊತ್ತಾದಷ್ಟನ್ನು ಬರೆಯುತ್ತೇವೆ.»

ಎರಡು ಪದ ಗಮನಿಸಿ. ನಾನು «ತಲುಪಿದೆ» ಅಂದಿದ್ದೆ, ಅಕ್ಕ «ಕಳಿಸಿದ್ದೇವೆ» ಅಂದ್ರು. ಕಾಗದ ಎಷ್ಟು ಹೇಳುತ್ತೋ ಅಷ್ಟೇ. ಮತ್ತೆ, ಉತ್ತರ ಪೂರ್ತಿ ಸಿಕ್ಕರೂ ಸಿಗದಿದ್ರೂ 4 ಗಂಟೆಗೆ ಬರೀಬೇಕು. ಕೊಟ್ಟ ಗಂಟೆ ಮೀರಿದ್ರೆ ಮೊದಲ ಮೇಲ್ ಬರೆಯದೇ ಇದ್ದಿದ್ರೇ ವಾಸಿ ಅಂದ್ರು.

ಇಲ್ಲಿ ಕಾನೂನೂ ಇದೆ. ಇ-ಕಾಮರ್ಸ್ ನಿಯಮಗಳು 2020ರ ಪ್ರಕಾರ ಆನ್‌ಲೈನಲ್ಲಿ ಮಾರೋ ಕಂಪನಿಗೆ ಒಬ್ಬ ಕುಂದುಕೊರತೆ ಅಧಿಕಾರಿ ಇರಬೇಕು. ದೂರು ಸಿಕ್ಕಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ನಿಯಮದಲ್ಲಿ ಎಲ್ಲೂ ಫಾಲೋವರ್ಸ್ ಲೆಕ್ಕ ಇಲ್ಲ. ಅಂದ್ರೆ ಜೂನ್ 1ರ ಮೇಲ್‌ನ ಮಷೀನ್ ಕೈಗೆ ಬಿಟ್ಟಾಗಲೇ ನಾವು ತಪ್ಪಿತಸ್ಥರು. ಅವತ್ತೇ ಒಬ್ಬರು ಓದಿದ್ದಿದ್ರೆ ಜೂನ್ 9ರ ಬೆದರಿಕೆ ಬರ್ತಾನೇ ಇರಲಿಲ್ಲ.

5/8

ಈಗ ಬ್ಯಾಂಕ್ ಸ್ಟೇಟ್‌ಮೆಂಟ್. ನಮಗೆ ಬ್ಯಾಂಕ್ ರೀಕನ್ಸಿಲಿಯೇಶನ್ ಪಾಠ ಇತ್ತಲ್ಲ, ಎಲ್ಲರೂ ಐದು ಮಾರ್ಕ್ಸಿಗೆ ಬಾಯಿಪಾಠ ಮಾಡಿದ್ವಲ್ಲ, ಅದೇ. ನಮ್ಮ ಪುಸ್ತಕದಲ್ಲಿ ಇರೋದನ್ನ ಬ್ಯಾಂಕಿನ ಪುಸ್ತಕದ ಜೊತೆ ಸಾಲು ಸಾಲಾಗಿ ತಾಳೆ ನೋಡೋದು. ನಮ್ಮ ಆಫೀಸಲ್ಲಿ ಹೋದ ತಿಂಗಳಿಂದು ಈ ತಿಂಗಳ 10ರ ಹೊತ್ತಿಗೆ ಮಾಡ್ತಾರೆ. ಮೇ ತಿಂಗಳಿಂದು ಇನ್ನೂ ಆಗಿರಲಿಲ್ಲ.

ಮೇ 22ರ ಸಾಲುಗಳನ್ನ ಬೆರಳಿಟ್ಟು ಓದ್ತಾ ಬಂದೆ. ಮಧ್ಯಾಹ್ನ ₹4,250 ಹೊರಗೆ ಹೋಗಿದೆ. ಅದೇ ದಿನ ಸಂಜೆ ₹4,250 ಒಳಗೆ ಬಂದಿದೆ. ವಿವರದಲ್ಲಿ ರಿಟರ್ನ್ ಅಂತ ಇದೆ.

ಹೊಟ್ಟೆಯಲ್ಲಿ ಕಲಸಿದಂಗಾಯ್ತು.

ನೆಫ್ಟ್ ಮೂಲಕ ಹೋದ ಹಣವನ್ನ ಆ ಕಡೆ ಬ್ಯಾಂಕ್ ಜಮಾ ಮಾಡೋಕೆ ಆಗದಿದ್ರೆ, ಆ ಬ್ಯಾಚ್ ಮುಗಿದ ಎರಡು ಗಂಟೆಯೊಳಗೆ ವಾಪಸ್ ಕಳಿಸಬೇಕು ಅನ್ನೋದು ನಿಯಮ. ಬ್ಯಾಂಕ್ ತನ್ನ ಕೆಲಸ ಸರಿಯಾಗೇ ಮಾಡಿತ್ತು. ನಮ್ಮ ದೂರಿನ ಸಿಸ್ಟಂ ಮಾತ್ರ ಹಣ ಹೊರಟ ತಕ್ಷಣ «ಮುಗಿದಿದೆ» ಅಂತ ಬಾಗಿಲು ಹಾಕ್ಕೊಂಡಿತ್ತು. ಹದಿನೆಂಟು ದಿನ ಅವರ ದುಡ್ಡು ನಮ್ಮ ಖಾತೆಯಲ್ಲೇ ಇತ್ತು. ನಾನು ಅವರಿಗೆ «ಸರಿಯಾಗಿ ಪರಿಶೀಲಿಸಿ» ಅಂತ ಬರೆದಿದ್ದೆ!

ಸರಿ, ವಾಪಸ್ ಯಾಕೆ ಬಂತು? ಗ್ರಾಹಕರು ತುಂಬಿದ ಫಾರ್ಮ್ ತೆಗೆದೆ. ಖಾತೆ ಸಂಖ್ಯೆ 16 ಅಂಕಿ, ಕೊನೆಯದು 7. ನಾನು ಬ್ಯಾಂಕಿಗೆ ಹಾಕಿದ ಫೈಲ್ ತೆಗೆದೆ. ಅದೇ 16 ಅಂಕಿ, ಕೊನೆಯದು 0.

ನಾನು ಕೈಯಲ್ಲಿ ಟೈಪ್ ಮಾಡಿರಲಿಲ್ಲ, ಕಾಪಿ ಪೇಸ್ಟ್ ಮಾಡಿದ್ದೆ. ತಪ್ಪು ಆದದ್ದು ಎಕ್ಸೆಲ್‌ನಲ್ಲಿ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿ ಮಾತ್ರ ನೆನಪಿಟ್ಟುಕೊಳ್ಳುತ್ತೆ. ಹದಿನಾರನೇ ಅಂಕಿ ಏನೇ ಇರಲಿ, ಅದನ್ನ ಸೊನ್ನೆ ಮಾಡುತ್ತೆ. ಮೊದಲು 1.23457E+15 ಥರ ಕಾಣಿಸುತ್ತೆ, ನಾವು ಅಗಲ ಮಾಡಿ ನಂಬರ್ ಫಾರ್ಮ್ಯಾಟ್ ಕೊಟ್ಟರೆ ಪೂರ್ತಿ 16 ಅಂಕಿ ಬಂದಂಗೆ ಕಾಣುತ್ತೆ. ಎಣಿಸಿದ್ರೂ 16 ಇರುತ್ತೆ. ಅದಕ್ಕೇ ಕಣ್ಣಿಗೆ ಬೀಳಲ್ಲ.

6/8

ಎದ್ದು ಹೋಗಿ ಅಕ್ಕನಿಗೆ ಹೇಳೋಕೆ ನನಗೆ ಐದು ನಿಮಿಷ ಬೇಕಾಯ್ತು. ಸುಳ್ಳು ಹೇಳಲ್ಲ, ಆ ಐದು ನಿಮಿಷದಲ್ಲಿ ಬೇರೆ ಯೋಚನೆನೂ ಬಂತು. ಬ್ಯಾಂಕಿಂದ ವಾಪಸ್ ಬಂದಿದೆ ಅಂತ ಮಾತ್ರ ಹೇಳಿದ್ರೆ ಸಾಕಲ್ವಾ? ಅದೂ ನಿಜಾನೇ. ಯಾಕೆ ಬಂತು ಅಂತ ಯಾರು ಕೇಳ್ತಾರೆ? ಕೊನೆಗೆ ಎರಡೂ ಹಾಳೆ ಅವರ ಟೇಬಲ್ ಮೇಲಿಟ್ಟು, «ಫೈಲ್ ನಂದು ಅಕ್ಕ» ಅಂದೆ.

ಅಷ್ಟೊತ್ತಿಗೆ ಮಾಲೀಕರೂ ಬಂದ್ರು. ಒಳ್ಳೆಯವರೇ, ಆದ್ರೆ ರೀಲ್ ಅಂದ್ರೆ ಅವರಿಗೆ ಭಯ. ಮೂರು ಸಲಹೆ ಕೊಟ್ರು. ಒಂದು, «ತಾಂತ್ರಿಕ ದೋಷ ಅಂತ ಬರೆದುಬಿಡಿ.» ಎರಡು, «ರೀಲ್ ಹಾಕಲ್ಲ ಅಂತ ಒಪ್ಪಿದ ಮೇಲೆ ದುಡ್ಡು ಕಳಿಸಿ.» ಮೂರು, «ಹತ್ತು ಸಾವಿರದ ಸುದ್ದಿನೇ ಎತ್ತಬೇಡಿ, ಮರೆತುಹೋಗ್ತಾರೆ.»

ಅಕ್ಕ ಮೂರಕ್ಕೂ ಉತ್ತರ ಕೊಟ್ರು. «ಯಾವ ತಾಂತ್ರಿಕ ದೋಷ ಅಂತ ತಿರುಗಿ ಕೇಳಿದ್ರೆ ಏನು ಹೇಳ್ತೀರಿ ಸರ್? ಖಾತೆ ಸಂಖ್ಯೆ ತಪ್ಪಾಗಿದೆ ಅಂತಾನೇ ಹೇಳಬೇಕಲ್ವಾ, ಈಗಲೇ ಹೇಳೋಣ. ಎರಡನೇದು, ದುಡ್ಡು ಅವರದ್ದು. ಅವರ ದುಡ್ಡು ಅವರಿಗೆ ಕೊಡೋಕೆ ಷರತ್ತು ಹಾಕಿದ್ರೆ ಆ ಮೇಲ್‌ನೇ ರೀಲ್ ಮಾಡ್ತಾರೆ. ಮೂರನೇದು, ಕೇಳಿದ್ದಕ್ಕೆ ಇಲ್ಲ ಅಂತಾನಾದ್ರೂ ಹೇಳಬೇಕು. ಸುಮ್ಮನಿದ್ರೆ ಮುಚ್ಚಿಡ್ತಿದಾರೆ ಅನ್ಕೋತಾರೆ.»

ಮಾಲೀಕರು ಸ್ವಲ್ಪ ಹೊತ್ತು ಫ್ಯಾನ್ ನೋಡಿದ್ರು. «ಸರಿ, ಬರೀರಿ» ಅಂದ್ರು.

7/8

ಮೊದಲು ದುಡ್ಡು, ಆಮೇಲೆ ಪತ್ರ. ಈ ಸಲ ಫಾರ್ಮ್‌ನಲ್ಲಿರೋ ಸಂಖ್ಯೆಯನ್ನ ಅಕ್ಕ ಗಟ್ಟಿಯಾಗಿ ಓದಿದ್ರು, ನಾನು ಟೈಪ್ ಮಾಡಿದೆ. ₹4,250 ಜೊತೆ ಅವರು ಕೊಟ್ಟ ಪೋಸ್ಟ್ ಖರ್ಚು ₹140, ಒಟ್ಟು ₹4,390. ತಕ್ಷಣ ಮುಟ್ಟಲಿ ಅಂತ ಐಎಂಪಿಎಸ್‌ನಲ್ಲಿ 3:20ಕ್ಕೆ ಹೋಯ್ತು. ಅರ್ಧ ಗಂಟೆ ಕಾದು, ವಾಪಸ್ ಬಂದಿಲ್ಲ ಅಂತ ಸ್ಟೇಟ್‌ಮೆಂಟ್ ನೋಡಿ, 3:50ಕ್ಕೆ ಈ ಮೇಲ್ ಕಳಿಸಿದ್ವಿ:

«ನಮಸ್ಕಾರ. ನೀವು ಹೇಳಿದ್ದು ಸರಿ, ಹಣ ನಿಮಗೆ ತಲುಪಿರಲಿಲ್ಲ. ಮೇ 22ರಂದು ಕಳಿಸುವಾಗ ನಿಮ್ಮ ಖಾತೆ ಸಂಖ್ಯೆಯ ಕೊನೆಯ ಅಂಕಿ ನಮ್ಮ ಫೈಲಿನಲ್ಲಿ ತಪ್ಪಾಗಿತ್ತು. ಅದೇ ದಿನ ಹಣ ನಮ್ಮ ಖಾತೆಗೆ ವಾಪಸ್ ಬಂದಿದೆ, ಅದನ್ನು ನಾವು ಇವತ್ತಿನವರೆಗೆ ಗಮನಿಸಿರಲಿಲ್ಲ. ನಿಮ್ಮ ಎರಡು ಮೇಲ್‌ಗಳನ್ನೂ ಯಾರೂ ಓದಿರಲಿಲ್ಲ. ಎರಡೂ ನಮ್ಮ ತಪ್ಪು, ಕ್ಷಮಿಸಿ.

ಇವತ್ತು ಮಧ್ಯಾಹ್ನ 3:20ಕ್ಕೆ ₹4,390 ಕಳಿಸಿದ್ದೇವೆ: ಸೀರೆಯ ₹4,250, ಸ್ಪೀಡ್ ಪೋಸ್ಟಿನ ₹140. ಉಲ್ಲೇಖ ಸಂಖ್ಯೆ ಕೆಳಗಿದೆ. ಬಂದಿದೆಯೇ ಎಂದು ಒಂದು ಸಾಲು ತಿಳಿಸಿ. ಬಂದಿಲ್ಲವಾದರೂ ತಿಳಿಸಿ, ನಿಮ್ಮ ಉತ್ತರ ಬರುವವರೆಗೆ ಈ ದೂರನ್ನು ಮುಚ್ಚುವುದಿಲ್ಲ.

ನೀವು ಕೇಳಿದ ₹10,000 ಪರಿಹಾರವನ್ನು ಕೊಡಲು ನಮಗೆ ಆಗುವುದಿಲ್ಲ. ಇದು ನಿಮಗೆ ಒಪ್ಪಿಗೆ ಇಲ್ಲದಿದ್ದರೆ ನಮ್ಮ ಕುಂದುಕೊರತೆ ಅಧಿಕಾರಿಗೆ ಬರೆಯಬಹುದು, ಅಥವಾ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.»

ಕೆಳಗೆ ಅಕ್ಕನ ಹೆಸರು, ನೇರ ಫೋನ್ ನಂಬರ್.

ರೀಲ್ ಬಗ್ಗೆ ಒಂದು ಮಾತೂ ಇಲ್ಲ ನೋಡಿ. ಹಾಕಬೇಡಿ ಅಂತಾನೂ ಇಲ್ಲ, ಹಾಕಿದ್ರೆ ಹಾಕ್ಕೊಳ್ಳಿ ಅಂತಾನೂ ಇಲ್ಲ. «ಉತ್ತರ ಕೊಡಬೇಕಾಗಿರೋದು ದೂರಿಗೆ, ಬೆದರಿಕೆಗಲ್ಲ» ಅಂದ್ರು ಅಕ್ಕ. ಮತ್ತೆ «ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ» ಅನ್ನೋ ಸಾಲನ್ನ ನಾನು ಸೇರಿಸಿದ್ದೆ, ತೆಗೆಸಿದ್ರು. ಏನು ತಪ್ಪು ಅಂತ ಹೇಳದೆ ವಿಷಾದ ಅಂದ್ರೆ ಓದೋರಿಗೆ ಇನ್ನೂ ಸಿಟ್ಟು ಬರುತ್ತಂತೆ.

ಒಂದು ಮಾತು ಕೇಳ್ತೀರ ಅಂತ ಗೊತ್ತು. ಗ್ರಾಹಕರೇ ಸುಳ್ಳು ಹೇಳ್ತಿದ್ದಿದ್ರೆ? ನಾನೂ ಕೇಳಿದೆ. ಆಗಲೂ ನಾಲ್ಕು ಭಾಗದ ಹಾಳೆ ಅದೇ. ಹಣ ನಿಜಕ್ಕೂ ಜಮಾ ಆಗಿದ್ರೆ, ಕಳಿಸಿದ ತಾರೀಖು, ಉಲ್ಲೇಖ ಸಂಖ್ಯೆ, ಕೊನೆಯ ನಾಲ್ಕು ಅಂಕಿ ಕೊಟ್ಟು «ಈ ಸಂಖ್ಯೆ ತೋರಿಸಿ ನಿಮ್ಮ ಬ್ಯಾಂಕಲ್ಲಿ ಕೇಳಿ» ಅಂತ ಬರೆಯೋದು. ಸುಳ್ಳು ಅನ್ನೋ ಪದ ಆಗಲೂ ಬೇಡ. ಖಾತೆ ಸಂಖ್ಯೆ ತಪ್ಪಿ ಬೇರೆಯವರಿಗೆ ಹೋಗಿರಬಹುದು, ಯಾಕಂದ್ರೆ ನೆಫ್ಟ್ ಹಣ ಜಮಾ ಆಗೋದು ಖಾತೆ ಸಂಖ್ಯೆ ನೋಡಿ, ಹೆಸರು ನೋಡಿ ಅಲ್ಲ. ನಮ್ಮ ಅದೃಷ್ಟ, ಆ ಸೊನ್ನೆ ಇರೋ ಖಾತೆ ಯಾರದ್ದೂ ಇರಲಿಲ್ಲ.

8/8

ಅವತ್ತು ರಾತ್ರಿ 9ಕ್ಕೆ ಉತ್ತರ ಬಂತು. «ಬಂದಿದೆ.» ಅಷ್ಟೇ.

ಮರುದಿನ ಪೋಸ್ಟೂ ಹಾಕಿದ್ರು. ಹೌದು, ಹಾಕಿದ್ರು. ರೀಲ್ ಅಲ್ಲ, ಫೋಟೋ ಮತ್ತೆ ನಾಲ್ಕು ಸಾಲು: ಹದಿನೆಂಟು ದಿನ ಕಾಯಿಸಿದ್ರು, ಎರಡು ಮೇಲ್ ಓದಲಿಲ್ಲ, ಬೆದರಿಸಿದ ಮೇಲೆ ಅದೇ ದಿನ ಕೊಟ್ರು. ಮಾಲೀಕರು ನನ್ನ ಕಡೆ ನೋಡಿದ್ರು. ಆದ್ರೆ ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಕಳ್ಳರು ಅನ್ನೋ ಪದಾನೂ ಇರಲಿಲ್ಲ. ಕೆಳಗೆ ಕಂಪನಿಯಿಂದ ಒಂದೇ ಕಮೆಂಟ್ ಹಾಕಿದ್ವಿ: «ಇದು ನಡೆದಿದೆ, ತಪ್ಪು ನಮ್ಮದು. ವಿವರವನ್ನು ನಿಮಗೆ ಮೇಲ್‌ನಲ್ಲಿ ಬರೆದಿದ್ದೇವೆ.» ಆರ್ಡರ್ ನಂಬರ್, ಊರು, ಮೊತ್ತ ಯಾವುದೂ ಅಲ್ಲಿ ಬರೀಲಿಲ್ಲ. ಅದೆಲ್ಲ ಅವರ ಖಾಸಗಿ ವಿಷಯ, ಹೇಳೋದಿದ್ರೆ ಅವರು ಹೇಳಬೇಕು.

ಈಗ ನನಗೆ ನಿದ್ದೆ ಕೆಡಿಸಿದ ಭಾಗಕ್ಕೆ ಬರ್ತೀನಿ.

ಮೇಲ್ ಕಳಿಸಿದ ಮೇಲೆ ಅಕ್ಕ ಕೇಳಿದ್ರು, «ಆ ಫೈಲಲ್ಲಿ ಇನ್ನೆಷ್ಟು ಜನ ಇದ್ರು ತಮ್ಮಾ?» 31 ಜನ. ಅದರಲ್ಲಿ 16 ಅಂಕಿಯ ಖಾತೆ ಇದ್ದದ್ದು ಮೂರು. ಒಬ್ಬರ ಸಂಖ್ಯೆಯ ಕೊನೆಗೆ ನಿಜವಾಗಿಯೂ ಸೊನ್ನೆನೇ ಇತ್ತು, ಅವರದ್ದು ಸರಿಯಾಗಿ ಹೋಗಿದೆ. ಇನ್ನೊಬ್ಬರು ಇವರು. ಮೂರನೆಯವರದ್ದು ₹1,890. ಅದೂ ಮೇ 22ರ ಸಂಜೆಯೇ ವಾಪಸ್ ಬಂದು ನಮ್ಮ ಖಾತೆಯಲ್ಲಿ ಕೂತಿತ್ತು.

ಅವರು ಒಂದೂ ಮೇಲ್ ಬರೆದಿರಲಿಲ್ಲ. ಫೋನ್ ಮಾಡಿರಲಿಲ್ಲ. ಅಕ್ಕ ನನ್ನ ಕೈಲೇ ಫೋನ್ ಮಾಡಿಸಿದ್ರು. ವಯಸ್ಸಾದವರ ದನಿ. ವಿಷಯ ಹೇಳಿದೆ. «ಹೌದೇನಪ್ಪಾ, ನಾನು ಹೋಯ್ತು ಅಂತ ಬಿಟ್ಟಿದ್ದೆ. ಯಾರನ್ನ ಕೇಳೋದು ಅಂತ ಗೊತ್ತಾಗಲಿಲ್ಲ» ಅಂದ್ರು.

ಬೆಳಿಗ್ಗೆ ಆ ಬೆದರಿಕೆ ಮೇಲ್‌ಗೆ ನಾನು ಬರೆದ ಮೊದಲ ಉತ್ತರ ಹೋಗಿದ್ದಿದ್ರೆ ಜಗಳ ಮುಂದುವರೀತಿತ್ತು, ಯಾರೋ ಸೋಲ್ತಿದ್ರು, ಯಾರೋ ಗೆಲ್ತಿದ್ರು. ಈ ₹1,890 ಮಾತ್ರ ಮೇ ತಿಂಗಳ ಲೆಕ್ಕ ತಾಳೆ ನೋಡೋ ತನಕ ಅಲ್ಲೇ ಬಿದ್ದಿರ್ತಿತ್ತು.

ಈಗ ನಮ್ಮ ಆಫೀಸಲ್ಲಿ ಎರಡು ಬದಲಾವಣೆ ಆಗಿದೆ. ರೀಫಂಡ್ ಹೋದ ಮರುದಿನ ಬೆಳಿಗ್ಗೆ ಸ್ಟೇಟ್‌ಮೆಂಟಲ್ಲಿ ರಿಟರ್ನ್ ಸಾಲುಗಳನ್ನ ನೋಡಿದ ಮೇಲೇ ದೂರು ಮುಚ್ಚೋದು. ಮತ್ತೆ ಎಕ್ಸೆಲ್‌ನಲ್ಲಿ ಖಾತೆ ಸಂಖ್ಯೆಯ ಕಾಲಂನ ಪೇಸ್ಟ್ ಮಾಡೋ ಮೊದಲೇ ಟೆಕ್ಸ್ಟ್ ಅಂತ ಬದಲಾಯಿಸೋದು. ಪೇಸ್ಟ್ ಆದ ಮೇಲೆ ಬದಲಾಯಿಸಿದ್ರೆ ಹೋದ ಅಂಕಿ ವಾಪಸ್ ಬರಲ್ಲ. ಸಿಎಸ್‌ವಿ ಫೈಲ್ ಆದ್ರೆ ಇನ್ನೂ ಹುಷಾರು, ಮತ್ತೆ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದ್ರೆ ಮತ್ತೆ ಸೊನ್ನೆ ಆಗುತ್ತೆ.

ನಮ್ಮ ಕ್ಲಾಸಲ್ಲಿ ಯಾರ್ಯಾರು ಇಂಟರ್ನ್‌ಶಿಪ್‌ನಲ್ಲಿ ಪೇಮೆಂಟ್ ಫೈಲ್ ಮಾಡ್ತಿದ್ದೀರೋ, ಇವತ್ತೇ ಒಂದು ಸಲ ತೆಗೆದು ನೋಡಿ. 16 ಅಂಕಿಯ ಖಾತೆಗಳೆಲ್ಲ ಸೊನ್ನೆಯಲ್ಲೇ ಮುಗೀತಿದ್ರೆ, ಯಾರೋ ಸುಮ್ಮನೆ ಕಾಯ್ತಿದಾರೆ.

#ಬಿಕಾಂದಿನಚರಿ #ದಾವಣಗೆರೆ #ಇಂಟರ್ನ್‌ಶಿಪ್‌ಕಥೆ